ಬಿಕ್ರಿ ಪಟ್ಟಿಯ ತಪ್ಪುಗಳೂ ಎಂಟು ವಾರದ ಒಂದು ಕಾಗದವೂ

ಶಿರಸಿಯ ಒಂದು ಅಡಿಕೆ ವ್ಯಾಪಾರ ಸಂಸ್ಥೆಯ ಕಾರ್ಯದರ್ಶಿಗಳು ನನ್ನ ಮುಂದಿಟ್ಟ ಕರಡು ಒಂದೂವರೆ ಪುಟ ಇತ್ತು. ಸದಸ್ಯರ ಅಡಿಕೆಯ ತೂಕ, ದರ ನಮೂದಿಸುವ ಬಿಕ್ರಿ ಪಟ್ಟಿ ಬರೆಯುವ ಗುಮಾಸ್ತೆಯ ಕೆಲಸ ಸುಧಾರಿಸಬೇಕು, ಅದಕ್ಕೊಂದು ಪಿಐಪಿ, ಅಂದರೆ ಗುರಿ, ನೆರವು, ಅವಧಿ ಬರೆದಿಟ್ಟ ಕೆಲಸ ಸುಧಾರಣೆಯ ಯೋಜನೆ, ಮಾಡಿಕೊಡಿ ಎಂಬುದು ಅವರ ಕೋರಿಕೆ. ಕರಡಿನ ಮೊದಲ ಸಾಲು ‘ತಾವು ಬೇಜವಾಬ್ದಾರಿಯಿಂದ ಕೆಲಸ ನಿರ್ವಹಿಸುತ್ತಿರುವುದು ಕಂಡುಬಂದಿದೆ’, ಕೊನೆಯ ಸಾಲು ‘ತಪ್ಪಿದಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು’. ನಡುವೆ ಏಳು ಗುರಿಗಳು. ಅವುಗಳಲ್ಲಿ ಒಂದು ‘ಸದಸ್ಯರೊಂದಿಗೆ ಸೌಜನ್ಯದಿಂದ ವರ್ತಿಸುವುದು’. ಅದನ್ನು ಯಾರು, ಹೇಗೆ ಅಳೆಯಬೇಕು ಎಂಬುದು ಎಲ್ಲೂ ಇರಲಿಲ್ಲ.

ಗುರಿ ಬರೆಯುವ ಮೊದಲು ಈಗಿನ ಸ್ಥಿತಿ ಎಣಿಸಬೇಕು. ಹಿಂದಿನ ನಾಲ್ಕು ವಾರದಲ್ಲಿ ಆ ಗುಮಾಸ್ತೆಯ ಕೌಂಟರಿನಿಂದ ಹೋದ 400 ಪಟ್ಟಿಗಳನ್ನು ತೂಕದ ಚೀಟಿಗಳ ಜೊತೆ ಇಟ್ಟು ನೋಡಿದೆವು. ತಪ್ಪು ಎಂದರೆ ಏನು ಎಂಬುದನ್ನು ಮೊದಲೇ ಒಂದು ವಾಕ್ಯದಲ್ಲಿ ಬರೆದುಕೊಂಡೆವು: ಮೊಹರು ಬಿದ್ದ ಮೇಲೆ ತಿದ್ದಬೇಕಾಗಿ ಬಂದ ಪಟ್ಟಿ. ಮೊಹರಿಗೆ ಮೊದಲು ಅವರೇ ಗಮನಿಸಿ ಸರಿಪಡಿಸಿದ್ದು ತಪ್ಪಲ್ಲ. ಈ ವಾಕ್ಯ ಇಲ್ಲದಿದ್ದರೆ ವಿಮರ್ಶೆಯ ದಿನ ಇಡೀ ಮಾತುಕತೆ ‘ಇದು ತಪ್ಪೋ ಅಲ್ಲವೋ’ ಎಂಬ ಚರ್ಚೆಯಲ್ಲೇ ಕಳೆದುಹೋಗುತ್ತದೆ.

ಸಿಕ್ಕಿದ್ದು 22 ತಪ್ಪು. ಪಕ್ಕದ ಕೌಂಟರಿನಲ್ಲಿ ಅಷ್ಟೇ ಪಟ್ಟಿಗಳಲ್ಲಿ 6. ವ್ಯತ್ಯಾಸ ನಿಜ, ಆದರೆ ಬರೀ 22 ಎಂಬ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಬಿಡಿಸಿ ನೋಡಿದರೆ 13 ತೂಕದ್ದು, 6 ಸದಸ್ಯರ ಸಂಖ್ಯೆಯದ್ದು, 3 ದರದ್ದು. ತೂಕದ ತಪ್ಪು ಹೆಚ್ಚಿನದು ಒಂದೇ ಬಗೆ: ಖಾಲಿ ಚೀಲದ ತೂಕ ಕಳೆಯದೆ ಬರೆದದ್ದು. ಒಂದು ಪಟ್ಟಿ ನೋಡಿ. ರಾಶಿ ಅಡಿಕೆ, 6 ಚೀಲ, ಒಟ್ಟು 392 ಕೆಜಿ. ಚೀಲಕ್ಕೆ 700 ಗ್ರಾಂನಂತೆ 4.2 ಕೆಜಿ ಕಳೆದು 387.8 ಬರೆಯಬೇಕಿತ್ತು, 392 ಎಂದೇ ಬರೆದಿದೆ. ಕ್ವಿಂಟಲ್‌ಗೆ 45,000 ರೂಪಾಯಿ ಅಂದುಕೊಂಡರೂ 1,890 ರೂಪಾಯಿ ಹೆಚ್ಚು ಜಮಾ. ಅದನ್ನು ಆಮೇಲೆ ಸದಸ್ಯರ ಖಾತೆಯಿಂದ ವಾಪಸ್ ಕಳೆದಾಗ ಜಗಳ ಬರುವುದು ಸಹಜ.

ಈ 13ರಲ್ಲಿ 9 ಮಧ್ಯಾಹ್ನ ಮೂರರಿಂದ ಐದರೊಳಗೆ ಆದವು. ಕೇಳಿದಾಗ ಅವರು ಹೇಳಿದ್ದು ಇಷ್ಟೇ: “ಇವತ್ತಿನ ದರ ಎಂತ ಅಂತ ಫೋನ್ ಬರ್ತಾ ಇರ್ತದೆ ಸರ್. ಎದ್ದು ಹೋಗಿ ಬಂದು ಕೂತಾಗ ಯಾವ ಚೀಟಿಲಿದ್ದೆ ಅಂತ ಮರ್ತೋಗ್ತದೆ.” ಆ ಫೋನ್ ಅವರ ಕೆಲಸದ ಪಟ್ಟಿಯಲ್ಲೇ ಇರಲಿಲ್ಲ. ಹತ್ತಿರ ಕೂತವರು ಅಂತ ಅವರ ಪಾಲಿಗೆ ಬಂದಿತ್ತು, ಅಷ್ಟೆ.

ಹಾಗಾಗಿ ಏಳು ಗುರಿಗಳಲ್ಲಿ ಎರಡು ಉಳಿದವು. ಮೊದಲ ನಾಲ್ಕು ವಾರ 100 ಪಟ್ಟಿಗೆ 3ಕ್ಕಿಂತ ಹೆಚ್ಚು ತಪ್ಪು ಇರಬಾರದು, ನಂತರದ ನಾಲ್ಕು ವಾರ 2ಕ್ಕಿಂತ ಹೆಚ್ಚಿರಬಾರದು. ಎರಡನೆಯದು, ಆ ದಿನದ ಪಟ್ಟಿಗಳು ಆ ದಿನವೇ ಸದಸ್ಯರ ಖಾತೆಗೆ ಏರಬೇಕು. ಕರೆಂಟ್ ಅಥವಾ ಸರ್ವರ್ ಹೋದ ದಿನ ಲೆಕ್ಕಕ್ಕಿಲ್ಲ. ಕಾರ್ಯದರ್ಶಿಗಳಿಗೆ ‘ಶೂನ್ಯ ತಪ್ಪು’ ಬೇಕಿತ್ತು. ಪಕ್ಕದ ಕೌಂಟರಿನಲ್ಲೇ 100ಕ್ಕೆ ಒಂದೂವರೆ ತಪ್ಪು ಇರುವಾಗ ಒಬ್ಬರಿಂದ ಮಾತ್ರ ಶೂನ್ಯ ಕೇಳುವುದು ಸೋಲಿಸಲೆಂದೇ ಇಟ್ಟ ಗುರಿ. ಗುರಿಯನ್ನು ಪ್ರಮಾಣದಲ್ಲಿ ಇಡುವಾಗ ಕನಿಷ್ಠ ಸಂಖ್ಯೆಯನ್ನೂ ಬರೆಯಬೇಕು. ಮಳೆಗಾಲದಲ್ಲಿ ಆವಕ ಇಳಿದು ವಾರಕ್ಕೆ 20 ಪಟ್ಟಿಯಷ್ಟೇ ಆದರೆ ಒಂದು ತಪ್ಪಿಗೇ 100ಕ್ಕೆ 5 ಆಗಿಬಿಡುತ್ತದೆ. ಇಲ್ಲಿ ನಾಲ್ಕು ವಾರಕ್ಕೆ 300 ಪಟ್ಟಿ ತುಂಬದಿದ್ದರೆ ಅವಧಿ ಮುಂದುವರಿಯುತ್ತದೆ ಎಂದು ಸೇರಿಸಿದೆವು.

ನನಗೆ ಇಡೀ ಕಾಗದದಲ್ಲಿ ಅತಿ ಮುಖ್ಯ ಅನಿಸುವುದು ನೆರವಿನ ಭಾಗ. ‘ಅಗತ್ಯ ತರಬೇತಿ ನೀಡಲಾಗುವುದು’ ಎಂದು ಬರೆದರೆ ಯಾರೂ ಏನೂ ಕೊಡುವುದಿಲ್ಲ. ಗುರಿಗೆ ಇರುವಷ್ಟೇ ನಿಖರತೆ ನೆರವಿಗೂ ಬೇಕು: ಯಾರು, ಏನು, ಯಾವತ್ತಿನಿಂದ. ಇಲ್ಲಿ ಬರೆದದ್ದು ಹೀಗೆ. ಮೂರರಿಂದ ಐದರವರೆಗೆ ಫೋನ್ ಗೋದಾಮಿನ ಸಹಾಯಕರ ಮೇಜಿಗೆ, ಮೊದಲ ದಿನದಿಂದಲೇ. ತೂಕದ ಚೀಟಿಯಲ್ಲಿ ಚೀಲದ ತೂಕಕ್ಕೆ ಪ್ರತ್ಯೇಕ ಅಂಕಣ, ಮೊದಲ ವಾರದೊಳಗೆ. ಹಿರಿಯ ಗುಮಾಸ್ತರು ಎರಡು ಮಧ್ಯಾಹ್ನ ಪಕ್ಕದಲ್ಲಿ ಕೂತು ಪಟ್ಟಿ ಪರಿಶೀಲಿಸುವುದು. ಇದರ ಕೆಳಗೆ ಒಂದು ಸಾಲು: ಯಾವ ವಾರ ಈ ನೆರವು ಸಿಗಲಿಲ್ಲವೋ ಆ ವಾರ ಎಣಿಕೆಗೆ ಬರುವುದಿಲ್ಲ, ಅವಧಿ ಅಷ್ಟು ಮುಂದೆ ಹೋಗುತ್ತದೆ. ಈ ಸಾಲಿಗೆ ಕಾರ್ಯದರ್ಶಿಗಳು ಬಹಳ ಹೊತ್ತು ಒಪ್ಪಲಿಲ್ಲ.

ಆ ಸಾಲು ಎರಡನೇ ವಾರವೇ ಕೆಲಸಕ್ಕೆ ಬಂತು. ಗೋದಾಮಿನ ಸಹಾಯಕರು ಮೂರು ದಿನ ರಜೆ, ಫೋನ್ ಮತ್ತೆ ಹಳೆಯ ಮೇಜಿಗೆ. ಆ ವಾರದ 7 ತಪ್ಪುಗಳಲ್ಲಿ 5 ಆ ಮೂರು ದಿನದವು. ವಾರವನ್ನು ಎಣಿಕೆಯಿಂದ ಬಿಟ್ಟು ಕೊನೆಯ ದಿನಾಂಕವನ್ನು ಒಂದು ವಾರ ಮುಂದೆ ಹಾಕಲಾಯಿತು. ಬದಲಿ ಯಾರು ಎಂದು ಮೊದಲೇ ಬರೆಯದಿದ್ದರೆ ಇಂಥದ್ದು ಆಗುತ್ತದೆ. ಆಮೇಲೆ ಆ ಹೆಸರನ್ನೂ ಸೇರಿಸಿದೆವು.

ವಿಮರ್ಶೆಗೆ ಪ್ರತಿ ಬುಧವಾರ ಬೆಳಿಗ್ಗೆ, ಟೆಂಡರಿನ ಗಡಿಬಿಡಿ ಶುರುವಾಗುವ ಮೊದಲು, ಇಪ್ಪತ್ತು ನಿಮಿಷ. ದಿನಾಂಕಗಳನ್ನೆಲ್ಲ ಕಾಗದದಲ್ಲೇ ಬರೆದಿತ್ತು, ‘ಕಾಲಕಾಲಕ್ಕೆ’ ಎಂಬ ಮಾತಿರಲಿಲ್ಲ. ಎಣಿಸುವವರು ಕಾರ್ಯದರ್ಶಿಗಳಲ್ಲ, ಲೆಕ್ಕಪತ್ರದ ಇನ್ನೊಬ್ಬರು. ಒಂದು ಹಾಳೆಯಲ್ಲಿ ಆ ವಾರದ ಪಟ್ಟಿಗಳೆಷ್ಟು, ತಪ್ಪೆಷ್ಟು, ಯಾವ ಬಗೆ, ನೆರವು ಸಿಕ್ಕಿತೇ ಎಂದು ಬರೆದು ಇಬ್ಬರ ಸಹಿ.

ಪರಿಣಾಮದ ಭಾಗದಲ್ಲಿ ‘ಸೂಕ್ತ ಕ್ರಮ’ ತೆಗೆದುಹಾಕಿದೆವು. ಅದು ಕಠಿಣ ಅಂತಲ್ಲ, ಏನಾಗುತ್ತದೆ ಎಂದು ತಿಳಿಯದ ಕಾರಣ ಓದಿದವರು ಅತಿ ಕೆಟ್ಟದ್ದನ್ನೇ ಊಹಿಸುತ್ತಾರೆ. ಬದಲಿಗೆ ಮೂರು ಸಾಲು: ಎರಡೂ ಗುರಿ ಮುಟ್ಟಿದರೆ ಯೋಜನೆ ಮುಗಿದಂತೆ, ಮುಗಿದದ್ದನ್ನು ಪತ್ರದಲ್ಲಿ ತಿಳಿಸಲಾಗುವುದು. ಒಂದನ್ನು ಮಾತ್ರ ಮುಟ್ಟಿದರೆ ಒಂದೇ ಸಲ ನಾಲ್ಕು ವಾರದ ವಿಸ್ತರಣೆ. ಎರಡೂ ಆಗದಿದ್ದರೆ ಅದೇ ಸಂಬಳದಲ್ಲಿ ಗೋದಾಮಿನ ದಾಸ್ತಾನು ಪುಸ್ತಕದ ಕೆಲಸ. ಆ ಹುದ್ದೆ ಖಾಲಿ ಇಲ್ಲದಿದ್ದರೆ ಸೇವಾ ನಿಯಮದಂತೆ, ಅವರ ಮಾತು ಕೇಳಿ, ನೋಟಿಸ್ ಕೊಟ್ಟ ನಂತರ ಮುಂದಿನ ತೀರ್ಮಾನ. ಹಣ ದುರುಪಯೋಗದಂಥ ಆರೋಪ ಇದ್ದಿದ್ದರೆ ಈ ಕಾಗದವೇ ಸಲ್ಲದು. ಅದಕ್ಕೆ ಆರೋಪಪಟ್ಟಿ, ವಿಚಾರಣೆ ಎಂಬ ಬೇರೆ ದಾರಿ ಇದೆ, ಎರಡನ್ನೂ ಬೆರೆಸಿದರೆ ಎರಡೂ ನಿಲ್ಲುವುದಿಲ್ಲ.

ಸಹಿಯ ಜಾಗದಲ್ಲಿ ‘ಒಪ್ಪಿದ್ದೇನೆ’ ಇತ್ತು. ಅದನ್ನು ‘ಓದಿದ್ದೇನೆ, ಪ್ರತಿ ಪಡೆದಿದ್ದೇನೆ’ ಎಂದು ಮಾಡಿ, ಅವರ ಅಭಿಪ್ರಾಯಕ್ಕೆ ಐದು ಖಾಲಿ ಸಾಲು ಬಿಟ್ಟೆವು. ಅಲ್ಲಿ ಅವರು ಬರೆದದ್ದು ಸದಸ್ಯರ ಸಂಖ್ಯೆಯ ಬಗ್ಗೆ: ಒಂದೇ ಊರಿನಲ್ಲಿ ಒಂದೇ ಹೆಸರಿನ ಮೂರ್ನಾಲ್ಕು ಹೆಗಡೆಯವರಿದ್ದಾರೆ, ಇನಿಶಿಯಲ್ಲೂ ಒಂದೇ, ಕಂಪ್ಯೂಟರಿನಲ್ಲಿ ಹೆಸರು ಹೊಡೆದರೆ ಮೊದಲು ಬಂದವರಿಗೇ ಪಟ್ಟಿ ಹೋಗುತ್ತದೆ. ಪಾಸ್‌ಬುಕ್ ನೋಡಿ ಸಂಖ್ಯೆಯನ್ನೇ ಹೊಡೆಯುವ ಕ್ರಮ ಅಲ್ಲಿಂದ ಶುರುವಾಯಿತು, ಎರಡೂ ಕೌಂಟರಿನಲ್ಲಿ.

ಕೊನೆಯ ನಾಲ್ಕು ವಾರದ 400 ಪಟ್ಟಿಗಳಲ್ಲಿ 7 ತಪ್ಪು ಬಂತು, ಗುರಿ 8. ಚೀಲದ ತೂಕದ್ದು ಒಂದೂ ಇಲ್ಲ. ಪಾಸ್‌ಬುಕ್ ಮನೆಯಲ್ಲಿ ಬಿಟ್ಟು ಬರುವವರು ಇರುವುದರಿಂದ ಹೆಸರಿನ ಗೊಂದಲ ಪೂರ್ತಿ ಹೋಗಿಲ್ಲ. ಮುಕ್ತಾಯದ ಪತ್ರ ಎರಡು ವಾಕ್ಯದ್ದು: ಗುರಿ ಮುಟ್ಟಲಾಗಿದೆ, ಯೋಜನೆ ಮುಗಿದಿದೆ. ವಾರ್ಷಿಕ ಬಡ್ತಿಯ ವೇಳೆ ಈ ಕಡತವನ್ನು ಪರಿಗಣಿಸುವುದಿಲ್ಲ. ಎರಡನೇ ವಾಕ್ಯವನ್ನು ಕಾರ್ಯದರ್ಶಿಗಳು ತಾವಾಗಿಯೇ ಸೇರಿಸಿದರು.