‘ಅವರು’ ಎಂದರೆ ಯಾವ ಅವರು?

ವಿದ್ಯುತ್ ಸರಬರಾಜು ಕಂಪನಿಯೊಂದರ ಸುರಕ್ಷತಾ ವಿಭಾಗದಲ್ಲಿ ನನ್ನ ಕೆಲಸ. ಲೈನ್ ಮೇಲೆ ನಡೆದ ಅವಘಡ, ಕೂದಲೆಳೆಯಲ್ಲಿ ತಪ್ಪಿದ ಅವಘಡ, ಎರಡರ ವರದಿಯೂ ನನ್ನ ಮೇಜಿಗೆ ಬರುತ್ತದೆ. ಒಂದರಲ್ಲಿ ಹೀಗಿತ್ತು:

“ಮೇಲ್ವಿಚಾರಕರು ಲೈನ್‌ಮ್ಯಾನ್ ಅವರಿಗೆ ಕರೆ ಮಾಡಿದಾಗ ಅವರು ಕಂಬದ ಮೇಲಿದ್ದರು. ಕೆಲಸ ಮುಗಿದಿದೆ ಎಂದು ತಿಳಿಸಿದ ಮೇಲೆ ಅವರ ಎಲ್‌ಸಿ ಹಿಂದಿರುಗಿಸಿ ಅದನ್ನು ಚಾರ್ಜ್ ಮಾಡಲಾಯಿತು.”

ಎಲ್‌ಸಿ ಎಂದರೆ ಲೈನ್ ಕ್ಲಿಯರ್. ಉಪಕೇಂದ್ರದಲ್ಲಿ ಫೀಡರ್, ಅಂದರೆ ಅಲ್ಲಿಂದ ಹೊರಡುವ ವಿದ್ಯುತ್ ಲೈನ್, ಬಂದ್ ಮಾಡಿ, ಇನ್ನು ಕೆಲಸ ಮಾಡಬಹುದು ಎಂದು ಕೊಡುವ ಅನುಮತಿ. ಪಡೆದವರೇ ಅದನ್ನು ಹಿಂದಿರುಗಿಸಬೇಕು. ಆ ದಿನ ಒಂದೇ 11 ಕೆವಿ ಫೀಡರ್ ಮೇಲೆ ಎರಡು ತಂಡಗಳಿದ್ದವು. ಒಂದು ಇನ್ಸುಲೇಟರ್ ಬದಲಿಸುತ್ತಿತ್ತು, ಇನ್ನೊಂದು ಕೊಂಬೆ ಕಡಿಯುತ್ತಿತ್ತು. ಒಂದು ತಂಡದ ಎಲ್‌ಸಿ ಹಿಂದಿರುಗಿದ ಕೂಡಲೇ ಲೈನ್ ಚಾರ್ಜ್ ಆಯಿತು, ಅಂದರೆ ಅದಕ್ಕೆ ಮತ್ತೆ ವಿದ್ಯುತ್ ಕೊಟ್ಟರು. ಇನ್ನೊಂದು ತಂಡ ತಾನು ಕೆಲಸ ಮಾಡುವಲ್ಲಿ ಲೈನನ್ನು ನೆಲಕ್ಕೆ ಜೋಡಿಸಿ ಅರ್ತಿಂಗ್ ಹಾಕಿಕೊಂಡಿತ್ತು. ಹಾಗಾಗಿ ಬ್ರೇಕರ್ ಟ್ರಿಪ್ ಆಗಿ ವಿದ್ಯುತ್ ತಾನಾಗಿ ಕಡಿದುಹೋಯಿತು, ಯಾರಿಗೂ ಏನೂ ಆಗಲಿಲ್ಲ.

ಈಗ ವರದಿಯನ್ನು ಮತ್ತೆ ಓದಿ. ಕಂಬದ ಮೇಲಿದ್ದ ‘ಅವರು’ ಲೈನ್‌ಮ್ಯಾನ್ ಒಬ್ಬರೇ, ಒಂದು ತಂಡವೇ, ಎರಡು ತಂಡಗಳೇ? ಗೌರವಕ್ಕೂ ಬಹುವಚನಕ್ಕೂ ಕನ್ನಡ ಒಂದೇ ‘ಅವರು’ ಇಟ್ಟುಕೊಂಡಿದೆ. ಮಾತಿನಲ್ಲಿ ಇದರಿಂದ ತೊಂದರೆಯಿಲ್ಲ, ಎದುರಿದ್ದವರು ಕೇಳಿ ತಿಳಿದುಕೊಳ್ಳುತ್ತಾರೆ. ವರದಿಯನ್ನು ಯಾರು ಕೇಳುವುದು?

‘ತಿಳಿಸಿದ ಮೇಲೆ’ ಇನ್ನೂ ಜಾರು. ‘ಕರೆ ಮಾಡಿ ತಿಳಿಸಿದರು’ ಎಂದರೆ ಎರಡೂ ಒಬ್ಬರದೇ ಕೆಲಸ. ‘ಮಾಡಿದಾಗ’, ‘ತಿಳಿಸಿದ ಮೇಲೆ’ ಎಂಬಲ್ಲಿ ನಡುವೆ ಕರ್ತೃ ಬದಲಾದರೂ ವ್ಯಾಕರಣ ತಕರಾರು ಮಾಡುವುದಿಲ್ಲ. ‘ಅದನ್ನು’ ಎಂಬುದು ಫೀಡರ್ ಎಂದು ನಮಗೆ ಗೊತ್ತು, ವಾಕ್ಯದಲ್ಲಿ ಮಾತ್ರ ಅದು ಎಲ್‌ಸಿ. ಇನ್ನು ‘ಮಾಡಲಾಯಿತು’, ಇದು ಸರ್ಕಾರಿ ಕನ್ನಡದ ಅತ್ಯಂತ ಸುರಕ್ಷಿತ ಕ್ರಿಯಾಪದ, ಬರೆದವರಿಗೆ.

ನಾನು ವರದಿಯ ಪ್ರತಿ ಕ್ರಿಯಾಪದದ ಅಡಿಯಲ್ಲಿ ಗೆರೆ ಎಳೆದು ‘ಯಾರು?’ ಎಂದು ಬರೆದು ವಾಪಸು ಕಳಿಸುತ್ತೇನೆ. ಹುದ್ದೆಯೂ ಸಾಲದು, ಲೈನ್‌ಮ್ಯಾನ್ 1, ಲೈನ್‌ಮ್ಯಾನ್ 2 ಎಂದೇ ಬರಬೇಕು. ಒಂದೇ ಪದ ಹತ್ತು ಸಲ ಬಂದು ಓದಲು ಒರಟಾಗುತ್ತದೆ ಎಂಬ ಗೊಣಗಾಟ ಇದ್ದೇ ಇದೆ. ಒರಟಾಗಲಿ. ತಿದ್ದಿ ಬಂದದ್ದು ಹೀಗಿತ್ತು:

“ಮೇಲ್ವಿಚಾರಕರು ಲೈನ್‌ಮ್ಯಾನ್ 1ಕ್ಕೆ ಕರೆ ಮಾಡಿದರು. ಲೈನ್‌ಮ್ಯಾನ್ 1, ತನ್ನ ತಂಡದ ಕೆಲಸ ಮುಗಿದಿದೆ ಎಂದರು. ಮೇಲ್ವಿಚಾರಕರು ಲೈನ್‌ಮ್ಯಾನ್ 1ರ ಎಲ್‌ಸಿ ಹಿಂದಿರುಗಿಸಿದರು. ಆಪರೇಟರ್ 2 ಫೀಡರ್ ಚಾರ್ಜ್ ಮಾಡಿದರು.”

ಎಲ್‌ಸಿಯನ್ನು ಪಡೆದವರಲ್ಲ, ಬೇರೆಯವರು ಹಿಂದಿರುಗಿಸಿದ್ದು ಈಗ ಕಣ್ಣಿಗೆ ಬಿತ್ತು. ಜೊತೆಗೆ, ಆಪರೇಟರ್ 2 ಎಲ್ಲಿಂದ ಬಂದರು? ಎಲ್‌ಸಿ ರಿಜಿಸ್ಟರ್ ತರಿಸಿ ಸಹಿಗಳನ್ನು ನೋಡಿದೆವು. ಎರಡೂ ಎಲ್‌ಸಿ ಕೊಟ್ಟವರು ಆಪರೇಟರ್ 1. ನಡುವೆ ಪಾಳಿ ಬದಲಾಗಿತ್ತು. ಎರಡನೇ ಎಲ್‌ಸಿ ಇನ್ನೂ ಬಾಕಿ ಇದೆ ಎಂಬ ಮಾತು ಪಾಳಿಯ ಹಸ್ತಾಂತರ ಪುಸ್ತಕದಲ್ಲಿ ಇರಲೇ ಇಲ್ಲ.