ಚಿರತೆ ಎಣಿಸಲು ಗಣಿತ ಬೇಕು: ಡೊಂಬಿವಲಿಯ ತಂದೆಯೊಬ್ಬರಿಗೆ ಬರೆದ ಪತ್ರ

(ಕರಿಯರ್ ಕೌನ್ಸೆಲಿಂಗ್ ಕೆಲಸದಲ್ಲಿ ಬರೆದ ಪತ್ರ. ಗುರುತು ಸಿಗುವ ವಿವರ ತೆಗೆದು ಇಲ್ಲಿ ಹಾಕುತ್ತಿದ್ದೇನೆ.)

ರಾಯರೇ, ನಮಸ್ಕಾರ.

ಮಗಳು ಹನ್ನೊಂದನೇ ತರಗತಿಯಲ್ಲಿ ಗಣಿತ ಬಿಟ್ಟು ಬಯಾಲಜಿ ಮಾತ್ರ ಇಟ್ಟುಕೊಳ್ಳುತ್ತಾಳಂತೆ. ಕಾಡುಪ್ರಾಣಿಗಳ ಸಂಶೋಧನೆ ಮಾಡುವವಳಿಗೆ ಗಣಿತ ಯಾಕೆ ಅನ್ನುತ್ತಾಳಂತೆ. ನಿಮ್ಮ ಚಿಂತೆ ಸಂಬಳದ್ದು, ನನ್ನದು ಈ ಗಣಿತದ್ದು. ಸಂಬಳಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಬೋರಿವಲಿ ನ್ಯಾಷನಲ್ ಪಾರ್ಕಿನ ಚಿರತೆಗಳನ್ನೇ ತೆಗೆದುಕೊಳ್ಳಿ. ಅವನ್ನು ಸಾಲಾಗಿ ನಿಲ್ಲಿಸಿ ಎಣಿಸಲಾಗದು. ಪ್ರಾಣಿಗಳು ಓಡಾಡುವ ದಾರಿಯ ಎರಡೂ ಬದಿಗೆ, ಸುಮಾರು ಮೊಣಕಾಲೆತ್ತರದಲ್ಲಿ, ಒಂದೊಂದು ಕ್ಯಾಮೆರಾ ಕಟ್ಟುತ್ತಾರೆ. ಬಿಸಿ ಮೈ ಎದುರಿಗೆ ಸರಿದಾಗ ಅದು ತಾನಾಗಿ ಫೋಟೊ ತೆಗೆಯುತ್ತದೆ. ಪ್ರತಿ ಚಿರತೆಯ ಮೈಮೇಲಿನ ಮಚ್ಚೆಗಳ ವಿನ್ಯಾಸ ಬೇರೆ ಬೇರೆ, ನಮ್ಮ ಬೆರಳಚ್ಚಿನ ಹಾಗೆ.

ಈಗ ಒಂದು ಲೆಕ್ಕ, ಅಂಕಿಗಳು ಉದಾಹರಣೆಗೆ ಮಾತ್ರ. ಮೊದಲ ಸುತ್ತಿನಲ್ಲಿ 12 ಬೇರೆ ಬೇರೆ ಚಿರತೆಗಳು ಸಿಕ್ಕವು. ಎರಡನೇ ಸುತ್ತಿನಲ್ಲಿ 10 ಸಿಕ್ಕವು, ಅದರಲ್ಲಿ 6 ಹಳೆಯ ಮುಖಗಳೇ. ಹತ್ತರಲ್ಲಿ ಆರು ಪರಿಚಿತ ಅಂದರೆ, ಮೊದಲ ಸುತ್ತಿನಲ್ಲಿ ಕಾಡಿನ ಚಿರತೆಗಳಲ್ಲಿ ಐದರಲ್ಲಿ ಮೂರು ಪಾಲು ನಮಗೆ ಸಿಕ್ಕಿದ್ದವು ಎಂದಾಯಿತು. 12 ಎಂಬುದು ಐದರಲ್ಲಿ ಮೂರು ಪಾಲಾದರೆ ಒಟ್ಟು 20.

ತಪ್ಪುವುದು ಎಲ್ಲಿ ಅಂದರೆ, ಚಿರತೆಯ ಎಡಮೈಯ ಮಚ್ಚೆ ಬಲಮೈಯಂತೆ ಇರುವುದಿಲ್ಲ. ಎರಡು ಕ್ಯಾಮೆರಾ ಕಟ್ಟುವುದೇ ಅದಕ್ಕೆ. ಒಂದರ ಬ್ಯಾಟರಿ ಸತ್ತಿತು ಅನ್ನಿ. ಬಿಸಿಲಿಗೆ ಅಲ್ಲಾಡುವ ಹುಲ್ಲಿನ ಸಾವಿರಾರು ಫೋಟೊ ತೆಗೆದೇ ಅದು ಖಾಲಿಯಾಗುವುದುಂಟು. ಆಗ ಎರಡು ಚಿರತೆಗಳದ್ದು ಮೊದಲ ಸುತ್ತಿನಲ್ಲಿ ಎಡಮೈ ಮಾತ್ರ, ಎರಡನೆಯದರಲ್ಲಿ ಬಲಮೈ ಮಾತ್ರ ಸಿಕ್ಕರೆ, ಅವು ಹಳೆಯವೆಂದು ಗೊತ್ತಾಗದೆ ಪರಿಚಿತರ ಸಂಖ್ಯೆ 6ರಿಂದ 4ಕ್ಕೆ ಇಳಿಯುತ್ತದೆ. ಉತ್ತರ 20 ಅಲ್ಲ, 30! ಕಾಡಿನಲ್ಲಿ ಒಂದು ಚಿರತೆಯೂ ಹೆಚ್ಚಿಲ್ಲ. ಎರಡು ಸುತ್ತಿನ ನಡುವೆ ತಿಂಗಳುಗಟ್ಟಲೆ ಬಿಟ್ಟರೂ ಇದೇ ಗತಿ; ಅಷ್ಟರಲ್ಲಿ ಕೆಲವು ಸತ್ತಿರುತ್ತವೆ, ಹೊಸವು ಬಂದಿರುತ್ತವೆ. ನಿಜವಾದ ಅಧ್ಯಯನಗಳಲ್ಲಿ ಇದಕ್ಕಿಂತ ಬಹಳ ಬಿಗಿಯಾದ ಮಾದರಿಗಳಿವೆ, ಆದರೆ ಬುಡ ಇದೇ. ಕಾಡಿನಲ್ಲಿ ಒಂದು ತಿಂಗಳು ಅಲೆದವಳು ಕಂಪ್ಯೂಟರಿನ ಮುಂದೆ ಹಲವು ತಿಂಗಳು ಕೂರಬೇಕಾಗುತ್ತದೆ. ಪ್ರಾಣಿ ಕಂಡರೆ ಪ್ರೀತಿ ಇರುವ ಎಷ್ಟೋ ಮಕ್ಕಳು ಸೋಲುವುದು ಇಲ್ಲಿ, ಜಿಗಣೆ ಕಚ್ಚಿದಾಗಲ್ಲ.

ಆದ್ದರಿಂದ ಬಯಾಲಜಿಯ ಜೊತೆ ಗಣಿತವೂ ಇರಲಿ. ಆಮೇಲೆ ಬಿಎಸ್‌ಸಿಯಲ್ಲಿ ಜೂಆಲಜಿ ಅಥವಾ ಬಾಟನಿ, ಸಾಧ್ಯವಾದರೆ ಪಕ್ಕದಲ್ಲಿ ಸ್ಟಾಟಿಸ್ಟಿಕ್ಸ್. ‘ವೈಲ್ಡ್‌ಲೈಫ್’ ಎಂದು ಹೆಸರಿಟ್ಟ ಡಿಗ್ರಿಗೆ ಲಕ್ಷಗಟ್ಟಲೆ ಸುರಿಯಬೇಡಿ. ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ವನ್ಯಜೀವಿ ಎಂಎಸ್‌ಸಿಗೆ ಯಾವ ವಿಷಯದ ಪದವೀಧರರೂ ಅರ್ಜಿ ಹಾಕಬಹುದು. ಆದರೆ ಅದು ಎರಡು ವರ್ಷಕ್ಕೊಮ್ಮೆ ತೆರೆಯುತ್ತದೆ, ಸೀಟು ಬೆರಳೆಣಿಕೆಯಷ್ಟು. ಡಿಗ್ರಿ ಮುಗಿದ ವರ್ಷ ಬಾಗಿಲು ಮುಚ್ಚಿದ್ದರೆ ಗಾಬರಿ ಬೇಡ, ಯಾವುದಾದರೂ ಯೋಜನೆಯಲ್ಲಿ ಫೀಲ್ಡ್ ಅಸಿಸ್ಟೆಂಟ್ ಆಗಿ ಆ ವರ್ಷ ಕಳೆಯಲಿ. ಸಂದರ್ಶನದಲ್ಲಿ ಅದಕ್ಕೆ ಬೆಲೆ ಇದೆ. ಡೆಹ್ರಾಡೂನಿನ ವೈಲ್ಡ್‌ಲೈಫ್ ಇನ್‌ಸ್ಟಿಟ್ಯೂಟ್ ಇನ್ನೊಂದು ದಾರಿ.

ಸಂಬಳ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನಕ್ಕೆ ಅರ್ಹರಾಗಿ ಪಿಎಚ್‌ಡಿಗೆ ಸೇರಿದವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000, ಮೇಲೆ ಮನೆ ಬಾಡಿಗೆ ಭತ್ಯೆ (2023ರ ಪರಿಷ್ಕರಣೆಯ ದರ). ಅದಕ್ಕೆ ಮುಂಚಿನ ಯೋಜನೆಯ ಕೆಲಸಗಳಲ್ಲಿ ಕಡಿಮೆ, ಮತ್ತು ಯೋಜನೆ ಮುಗಿದ ದಿನ ಸಂಬಳವೂ ನಿಲ್ಲುತ್ತದೆ. ಎರಡು ಯೋಜನೆಗಳ ನಡುವೆ ಕೆಲವು ತಿಂಗಳು ಖಾಲಿ ಬಿದ್ದರೆ ಮನೆಯವರು ತಡೆದುಕೊಳ್ಳುವಂತಿರಬೇಕು. ಇದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ.

ಇನ್ನೊಂದು ತೊಡಕು ಅನುಮತಿಯದ್ದು. ಸಂರಕ್ಷಿತ ಅರಣ್ಯದಲ್ಲಿ ಅಧ್ಯಯನಕ್ಕೆ 1972ರ ವನ್ಯಜೀವಿ ಕಾಯ್ದೆಯಂತೆ ರಾಜ್ಯದ ಮುಖ್ಯ ವನ್ಯಜೀವಿ ವಾರ್ಡನ್ ಒಪ್ಪಬೇಕು. ಮಹಾರಾಷ್ಟ್ರದಲ್ಲಿ ಆ ಕಚೇರಿ ನಾಗಪುರದಲ್ಲಿದೆ. ಕಾಗದ ಬರುವುದು ತಡವಾಗಿ ಒಂದು ಇಡೀ ಋತು ಕೈತಪ್ಪಬಹುದು. ಮಳೆಗಾಲದ ಕಪ್ಪೆಯ ಅಧ್ಯಯನವಾದರೆ ಅಲ್ಲಿಗೆ ಒಂದು ವರ್ಷ ಹೋಯಿತು.

ಈ ರಜೆಯಲ್ಲಿ ಒಂದು ಕೆಲಸ ಹೇಳಿ. ಮನೆಯ ಹತ್ತಿರ ಒಂದೇ ಜಾಗ, ಬೆಳಿಗ್ಗೆ ಆರೂವರೆಯಿಂದ ಅರ್ಧ ಗಂಟೆ, ನಲವತ್ತು ದಿನ, ಕಂಡ ಹಕ್ಕಿಗಳನ್ನೆಲ್ಲ ಎಣಿಸಿ ಬರೆದಿಡಲಿ. ಏನೂ ಕಾಣದ ದಿನ ಸೊನ್ನೆ ಬರೆಯಲೇಬೇಕು. ನಲವತ್ತನೇ ದಿನದ ಪುಟವೂ ಮೊದಲ ದಿನದಷ್ಟೇ ನೀಟಾಗಿದ್ದರೆ ಮುಂಬೈ ಫೋರ್ಟ್‌ನ ಹಾರ್ನ್‌ಬಿಲ್ ಹೌಸ್‌ನಲ್ಲಿರುವ ಬಿಎನ್‌ಎಚ್‌ಎಸ್ ಎಂಬ ನಿಸರ್ಗ ಅಧ್ಯಯನ ಸಂಸ್ಥೆಗೆ ಕರೆದೊಯ್ದು ಅವರ ಪಕ್ಷಿಶಾಸ್ತ್ರ ಕೋರ್ಸಿನ ಬಗ್ಗೆ ವಿಚಾರಿಸಿ. ಎಂಟನೇ ದಿನಕ್ಕೇ ನಿಂತಿದ್ದರೆ ಅದನ್ನೂ ನನಗೆ ತಿಳಿಸಿ, ಇನ್ನೊಮ್ಮೆ ಕೂತು ಮಾತಾಡೋಣ.

ಅದಕ್ಕೂ ಮೊದಲು ನಾಳೆಯೇ ಕಾಲೇಜಿನ ಆಫೀಸಿಗೆ ಹೋಗಿ, ವಿಷಯ ಬದಲಿಸಲು ಕೊನೆಯ ತಾರೀಖು ಯಾವುದೆಂದು ಕೇಳಿ.