ಒಂದು ಪೈಸೆ ಟ್ಯಾಕ್ಸೂ ಉಳೀಲಿಲ್ಲ, ನೋಟೀಸ್ ಮಾತ್ರ ಬಂತು

20 ನವೆಂಬರ್ 2025, ಗುರುವಾರ, ಶಿರಸಿ

ಮನೇಲಿ ಕೊನೆಕೊಯ್ಲು ಶುರುವಾಗಿದೆ, ಅಂಗಳ ತುಂಬಾ ಅಡಿಕೆ, ನಾನು ಮಾತ್ರ ಬೆಳಿಗ್ಗೆಯಿಂದ ಇನ್‌ಕಮ್ ಟ್ಯಾಕ್ಸ್ ಹಿಡ್ಕೊಂಡು ಕೂತಿದ್ದೆ. ಹೋದ ಬುಧವಾರ ಮೇಲ್ ಬಂದಿತ್ತು, ಅಟ್ಯಾಚ್ ಆಗಿದ್ದ ಪಿಡಿಎಫ್ ತೆಗೆಯೋಕೆ ಸಣ್ಣಕ್ಷರದಲ್ಲಿ ಪ್ಯಾನ್ ನಂಬರ್, ಆಮೇಲೆ ಹುಟ್ಟಿದ ದಿನಾಂಕ ಹಾಕ್ಬೇಕು, ಮೂರು ಸಲ ದೊಡ್ಡಕ್ಷರದಲ್ಲೇ ಹೊಡ್ದು ನಾಲ್ಕನೇ ಸಲ ತೆರೀತು. 139(9) ನೋಟೀಸು. ಅಂದ್ರೆ ನಿನ್ನ ರಿಟರ್ನಲ್ಲಿ ದೋಷ ಇದೆ, 15 ದಿನದೊಳಗೆ ಸರಿ ಮಾಡು, ಇಲ್ಲಾಂದ್ರೆ ರಿಟರ್ನೇ ಹಾಕಿಲ್ಲ ಅಂತ ಲೆಕ್ಕ.

ಆಗಿದ್ದು ಇಷ್ಟು. ನಾನು ಇಂಟೀರಿಯರ್ ಡ್ರಾಯಿಂಗ್ ಮಾಡ್ಕೊಡ್ತೀನಿ, ಬೆಂಗಳೂರಿನ ಎರಡು ಆಫೀಸು, ಊರಲ್ಲಿ ಚಿಲ್ಲರೆ ಒಂದಿಷ್ಟು ಮನೆ. ಹೋದ ಆರ್ಥಿಕ ವರ್ಷ ಒಟ್ಟು 11,40,000 ಬಂದಿತ್ತು. ಇಂಥ ವೃತ್ತಿಗೆ 44ADA ಅಂತ ಒಂದು ಸೆಕ್ಷನ್ ಇದೆ, ಬಂದದ್ದರಲ್ಲಿ ಅರ್ಧ ಲಾಭ ಅಂತ ತೋರಿಸಿದ್ರೆ ಸಾಕು, ಲೆಕ್ಕದ ಪುಸ್ತಕ ಇಡೋ ತಲೆನೋವಿಲ್ಲ. ಜೊತೆಗೆ ಕೆಲಸ ಮಾಡೋ ಒಬ್ಬ ಹೇಳ್ದ, ಅರ್ಧ ಯಾಕೆ ತೋರಿಸ್ತೀಯ ಮಾರಾಯ್ತಿ, ಖರ್ಚೆಲ್ಲ ನಿಜವಾಗ್ಲೂ ಆಗಿದ್ಯಲ್ಲ, ಐಟಿಆರ್-3 ಅನ್ನೋ ರಿಟರ್ನ್ ಫಾರ್ಮಲ್ಲಿ ಪುಸ್ತಕ ಇಡದವರಿಗೇ ಒಂದು ಜಾಗ ಇದೆ, ಅಲ್ಲಿ ಬರಿ ಅಂತ. ಬರೆದೆ. ಲ್ಯಾಪ್‌ಟಾಪು, ಓಡಾಟದ ಡೀಸೆಲ್ಲು, ರೆಂಡರ್ ಮಾಡೋ ಹುಡುಗನಿಗೆ ಕೊಟ್ಟದ್ದು ಎಲ್ಲ ಅಂದಾಜಿಗೆ ಸೇರ್ಸಿ 7,20,000 ಕಳ್ದು ಲಾಭ 4,20,000 ಅಂತ.

ಇವತ್ತು ದೇವಿಕೆರೆ ಹತ್ರ ಸಿಎ ಆಫೀಸಿಗೆ ಹೋದೆ. ಅವರು ನೋಟೀಸ್ ಓದಿ ಮೊದ್ಲು ಕೇಳಿದ್ದು, "ಬಿಲ್ ಇದ್ಯಾ ತಂಗಿ?" ಹುಡುಗನಿಗೆ ಫೋನಲ್ಲೇ ಹಾಕಿದ್ದು ಸರ್, ಡೀಸೆಲ್ ಚೀಟಿ ಕಾರಲ್ಲೇ ಮಾಸಿ ಹೋಗಿದೆ ಅಂದೆ. ನಕ್ಕುಬಿಟ್ರು. ಖರ್ಚು ಸುಳ್ಳು ಅಂತ ಯಾರೂ ಹೇಳ್ತಿಲ್ಲ, ಆದ್ರೆ ಅರ್ಧಕ್ಕಿಂತ ಕಮ್ಮಿ ಲಾಭ ತೋರಿಸಿ, ಒಟ್ಟು ಆದಾಯ ತೆರಿಗೆ ಇಲ್ಲದ ಮಿತಿ ದಾಟಿದ್ರೆ, ಪುಸ್ತಕನೂ ಇಡ್ಬೇಕು ಆಡಿಟ್ಟೂ ಆಗ್ಬೇಕು. ಹೊಸ ತೆರಿಗೆ ಪದ್ಧತೀಲಿ ಆ ವರ್ಷಕ್ಕೆ ಮಿತಿ 3 ಲಕ್ಷ, ನಾನು 4,20,000. ನಾನು ಅಂದ್ಕೊಂಡಿದ್ದು 7 ಲಕ್ಷದವರೆಗೆ ಏನೂ ಇಲ್ವಲ್ಲ ಅಂತ, ಅದು ಲೆಕ್ಕ ಹಾಕಿದ ಟ್ಯಾಕ್ಸನ್ನ ಆಮೇಲೆ ಬಿಟ್ಟುಕೊಡೋ ರಿಬೇಟಂತೆ, ಮಿತಿ ಅಲ್ಲ. ಇಲ್ಲೇ ಎಡವಿದ್ದು. ಲಾಭ 3 ಲಕ್ಷದೊಳಗೇ ಇದ್ದು ಬೇರೆ ಆದಾಯನೂ ಇಲ್ದಿದ್ರೆ ಆಡಿಟ್ ಕೇಳ್ತಿರ್ಲಿಲ್ಲ.

ಈಗ ಪುಸ್ತಕ ಬರೆಯೋಣ್ವಾ ಅಂದೆ. ನಮ್ಮ ವೃತ್ತಿಯವರಿಗೆ ಕ್ಯಾಶ್ ಬುಕ್ಕು, ಲೆಡ್ಜರು, ನಾವು ಕೊಟ್ಟ ಬಿಲ್ಲಿನ ಪ್ರತಿ, ಖರ್ಚಿನ ಮೂಲ ಬಿಲ್ಲು ಎಲ್ಲ ಬೇಕು, ನವೆಂಬರಲ್ಲಿ ಕೂತು ಹೋದ ವರ್ಷದ್ದು ಹುಟ್ಟಿಸೋಕಾಗಲ್ಲ, ಆಡಿಟ್ ತಾರೀಕೂ ದಾಟಿದೆ ಅಂದ್ರು. ಪುಸ್ತಕ ಇಡದ್ದಕ್ಕೆ 25,000 ದಂಡ, ಆಡಿಟ್ ಮಾಡಿಸದ್ದಕ್ಕೆ ಒಟ್ಟು ಬಂದ ದುಡ್ಡಿನ ಅರ್ಧ ಪರ್ಸೆಂಟ್, ನನ್ನ ಲೆಕ್ಕಕ್ಕೆ 5,700, ಬೀಳೋ ಸಾಧ್ಯತೆ ಇದೆ. ಸುಮ್ನೆ ಅರ್ಧಕ್ಕೆ ಬಾ ಅಂದ್ರು.

ಆಮೇಲೆ ಹಳೇ ಕ್ಯಾಲೆಂಡರ್ ಹಾಳೆ ಹಿಂದ್ಗಡೆ ಲೆಕ್ಕ ಹಾಕಿ ತೋರ್ಸಿದ್ರು, ಅದನ್ನ ನೋಡಿ ನನಗೆ ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ. ಅರ್ಧ ಅಂದ್ರೆ 5,70,000. ಮೂರು ಲಕ್ಷ ಕಳೆದು ಉಳಿದ 2,70,000ಕ್ಕೆ 5 ಪರ್ಸೆಂಟ್, 13,500. ರಿಬೇಟ್ ಪೂರ್ತಿ ಅದನ್ನ ತಿನ್ನತ್ತೆ, ಸೊನ್ನೆ. ನಾನು ಬರೆದ 4,20,000ಕ್ಕೆ 6,000, ಅದೂ ಸೊನ್ನೆ. ಅಂದ್ರೆ ಇಷ್ಟೆಲ್ಲ ಸರ್ಕಸ್ ಮಾಡಿ ಒಂದು ಪೈಸೆ ಉಳೀಲಿಲ್ಲ! ಮೇಲಿಂದ ಬೆಂಗಳೂರಿನ ಆಫೀಸಿನವ್ರು ದುಡ್ಡು ಕೊಡೋವಾಗ್ಲೇ ಟ್ಯಾಕ್ಸ್ ಅಂತ 10 ಪರ್ಸೆಂಟ್ ಹಿಡಿದ ಟಿಡಿಎಸ್ 1,02,000 ವಾಪಸ್ ಬರ್ಬೇಕಿತ್ತು, ಅದೂ ಈ ದೋಷದ ಹಿಂದೆ ನಿಂತ್ಕೊಂಡಿದೆ.

ಒಂದ್ಸಲ ಅರ್ಧದಿಂದ ಹೊರಗೆ ಹೋದ್ರೆ ಐದು ವರ್ಷ ವಾಪಸ್ ಬರೋಕಾಗಲ್ಲ ಅಂತ ಯಾರೋ ಹೆದರ್ಸಿದ್ರು, ಅದು ವ್ಯಾಪಾರದವರ 44ADಗೆ, ನಮ್ಮ ವೃತ್ತಿಯ ಸೆಕ್ಷನ್‌ಗೆ ಆ ಕಟ್ಟು ಇಲ್ಲ. ಆಮೇಲೆ ಸಿಎ ಕೇಳಿದ್ರು ನೋಡಿ, ಅಪ್ಪಟ ಶಿರಸಿ ಪ್ರಶ್ನೆ, "ತೋಟ ಯಾರ ಹೆಸರಲ್ಲಿದೆ?" ಅಪ್ಪನ ಹೆಸರಲ್ಲಿ ಅಂದೆ. ಹಂಗಾದ್ರೆ ಬಚಾವು, ನಿಂಗೇ ಅಡಿಕೆ ಆದಾಯ 5,000 ದಾಟಿದ್ರೆ ಅರ್ಧ ತೋರಿಸೋರ ಐಟಿಆರ್-4 ಫಾರ್ಮ್ ಹಾಕೋ ಹಂಗಿರ್ಲಿಲ್ಲ, ಮತ್ತೆ 3ನ್ನೇ ತುಂಬ್ಬೇಕಿತ್ತು.

ಪೋರ್ಟಲಲ್ಲಿ Pending Actions ಒಳಗೆ e-Proceedings, ಅಲ್ಲಿ ನೋಟೀಸ್ ಎದುರು Agree ಒತ್ತಿ, ನೋಟೀಸಿಗೆ ಉತ್ತರವಾಗಿಯೇ ಐಟಿಆರ್-4 ತುಂಬಿದ್ವಿ, ನೋಟೀಸ್ ನಂಬರ್ ತಾರೀಕು ಸಮೇತ. ಬೇರೆ ಹೊಸ ರಿಟರ್ನ್ ಅಂತ ಹಾಕ್ಬೇಡ, ಈ ನೋಟೀಸ್ ಹಾಗೇ ಬಾಕಿ ಉಳಿದ್ಬಿಡತ್ತೆ ಅಂದ್ರು. ಸಬ್ಮಿಟ್ ಆಯ್ತು, ಆಫೀಸ್ ಮುಚ್ಚೋ ಹೊತ್ತಾಗಿತ್ತು, ವೆರಿಫೈ ಮನೇಲೇ ಮಾಡ್ತೀನಿ ಅಂತ ಬಂದ್ಬಿಟ್ಟೆ.

ಮನೇಲಿ ಆಧಾರ್ ಓಟಿಪಿ ಬರೋದೇ ಇಲ್ಲ, ನೆಟ್‌ವರ್ಕ್ ಇರೋದು ಗೇಟಿಂದಾಚೆ ಹಲಸಿನ ಮರದ ಬುಡದಲ್ಲಿ. ಟಾರ್ಚ್ ಹಿಡ್ಕೊಂಡು ಹೋಗಿ ಮೂರನೇ ಸಲಕ್ಕೆ ಆರಂಕಿ ಬಂತು, ವೆರಿಫೈ ಆಯ್ತು, ಅಷ್ಟೊತ್ತಿಗೆ ಅಮ್ಮ ಒಳಗಿಂದ ಕೂಗ್ತಾ ಇದ್ಲು, ಅಡಿಕೆ ಮೇಲೆ ಟಾರ್ಪಾಲ್ ಎಳ್ದು ಬಾ ಅಂತ.